ಮೊರಂ ಮೇಲಿನ ಹೆಜ್ಜೆ ಗುರುತು

ಕಲಬುರಗಿಯಲ್ಲಿ ನಾವು ಹುಡುಗರಿಗೆ ಫುಟ್‌ಬಾಲ್ ಕಲಿಸೋ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಮೊರಂ. ಡೈವ್ ಹೊಡೆದರೆ ಮೊಣಕೈ ಸಿಪ್ಪೆ ಸುಲಿಯುತ್ತದೆ. ಆದರೆ ಒಂದು ಲಾಭ ಇದೆ. ಗೋಲ್‌ಕೀಪರ್ ಎಲ್ಲಿ ನಿಂತಿದ್ದ, ಯಾವ ಕಡೆ ಓಡಿದ, ಎಲ್ಲಿ ತಿರುಗಿದ ಅನ್ನೋದೆಲ್ಲ ಧೂಳಲ್ಲಿ ಹಾಗೇ ಉಳಿದಿರುತ್ತದೆ.

ಹೋದ ಬೇಸಿಗೆಯ ಒಂದು ಸಂಜೆ ಪಂದ್ಯದಲ್ಲಿ ನಮ್ಮ ಹದಿನೇಳು ವರ್ಷದ ಕೀಪರ್ ಒಂದು ಗೋಲು ಬಿಟ್ಟ. ಎದುರಾಳಿಯ ವಿಂಗರ್ ಇವನ ಎಡಗಡೆ, ಸೈಡ್‌ಲೈನ್‌ನಿಂದ ಮೂರು ಮೀಟರ್ ಒಳಗೆ, ಪೆನಾಲ್ಟಿ ಬಾಕ್ಸಿನ ಮುಂದಿನ ಗೆರೆಯ ನೇರಕ್ಕೆ ಇದ್ದ. ಅಲ್ಲಿಂದ ಗೋಲಿನ ಮುಂದಕ್ಕೆ ಎತ್ತರಕ್ಕೆ ಕ್ರಾಸ್ ಹೊಡೆದ. ನಮ್ಮವನು ಎರಡು ಹೆಜ್ಜೆ ಮುಂದೆ ನುಗ್ಗಿ, ಆಮೇಲೆ ಗಕ್ಕನೆ ನಿಂತು, ಹಿಂದಕ್ಕೆ ಓಡಿದ. ಬಾಲು ತಲೆ ಮೇಲಿಂದ ಹೋಯ್ತು. ಫಾರ್ ಪೋಸ್ಟ್, ಅಂದರೆ ಬಾಲು ಬಂದ ಕಡೆಯಿಂದ ದೂರದ ಕಂಬದ ಹತ್ತಿರ ಒಬ್ಬ ಆರಾಮಾಗಿ ತಲೆ ಕೊಟ್ಟ.

ಪಂದ್ಯ ಮುಗಿದ ಮೇಲೆ ಅವನನ್ನು ಕರೆದುಕೊಂಡು ಅಲ್ಲಿಗೇ ಹೋದೆ.

“ಸರ್, ಬಿಸಿಲು ಕಣ್ಣಾಗ ಹೊಡೀತ್ರಿ.”

“ಬಿಸಿಲಿಗೆ ಟೋಪಿ ಅದ ತಮ್ಮಾ. ಕೀಪರ್ ಟೋಪಿ ಹಾಕ್ಕೋಬೋದು ಅಂತ ರೂಲಿನಾಗೇ ಅದ. ಇಲ್ಲಿ ನೋಡು, ಈ ಹೆಜ್ಜಿ ಯಾರದು?”

ನಿಯರ್ ಪೋಸ್ಟಿನಿಂದ ಒಂದು ಮಾರು ದೂರದಲ್ಲಿ ಎರಡು ಪಾದದ ಗುರುತು ಆಳವಾಗಿ ಮೂಡಿತ್ತು. ಬೆರಳುಗಳು ನೇರ ಬಾಲಿನ ಕಡೆ. ಅಲ್ಲಿಂದ ಮುಂದಕ್ಕೆ ಎರಡು ಉದ್ದ ಹೆಜ್ಜೆ. ಆಮೇಲೆ ಒಂದು ಕಡೆ ಸರ್ರನೆ ಕೆರೆದ ಗುರುತು. ತಪ್ಪು ಆಗಿದ್ದು ಆ ಕೆರೆದ ಜಾಗದಲ್ಲಲ್ಲ. ಮೊದಲ ಎರಡು ಪಾದದ ಗುರುತಿನಲ್ಲೇ ಅರ್ಧ ಗೋಲು ಹೋಗಿತ್ತು.

ಲೆಕ್ಕ ಹಾಕಿ ನೋಡಿ. ಗೋಲಿನ ಅಗಲ 7.32 ಮೀಟರ್. ವಿಂಗರ್ ನಿಂತ ಜಾಗದಿಂದ ಫಾರ್ ಪೋಸ್ಟಿನ ಮುಂದಿನ ಜಾಗಕ್ಕೆ ಹತ್ತಿರ ಹತ್ತಿರ 35 ಮೀಟರ್. ಈ ವಯಸ್ಸಿನ ಹುಡುಗರು ಎತ್ತಿ ಹೊಡೆದ ಬಾಲು ಅಷ್ಟು ದೂರ ಬರೋಕೆ ಎರಡು ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳೋಣ. ಅಷ್ಟು ದೂರದಿಂದ, ಸೈಡ್‌ಲೈನ್ ಪಕ್ಕದಿಂದ, ನೇರ ಗೋಲಿಗೆ ಹೊಡೆಯೋರು ಕಮ್ಮಿ. ಹಾಗಿದ್ದರೆ ನಿಯರ್ ಪೋಸ್ಟ್ ಕಾಯ್ತಾ ಯಾಕೆ ನಿಲ್ಲಬೇಕು?

ಬಾಲು ಅಷ್ಟು ಅಗಲದಲ್ಲಿದ್ದಾಗ ನಿಲ್ಲಬೇಕಾದ ಜಾಗ ಗೋಲಿನ ನಡುಮಧ್ಯ, ಬೇಕಾದರೆ ಅರ್ಧ ಹೆಜ್ಜೆ ಫಾರ್ ಪೋಸ್ಟಿನ ಕಡೆಗೆ. ಗೋಲ್ ಗೆರೆಯಿಂದ ಎರಡು ಮೀಟರ್ ಮುಂದೆ. ಕಾರಣ ಸರಳ. ಬಾಲು ಮುಂದೆ ಬಿದ್ದರೆ ಅದನ್ನು ನೋಡ್ತಾ ಓಡಬಹುದು. ತಲೆ ಮೇಲಿಂದ ಹೋದರೆ ಹಿಂದೆ ಹಿಂದೆ ಹೆಜ್ಜೆ ಇಡಬೇಕು, ಹಾಗೆ ಇಡುವಾಗ ಯಾರಿಗೂ ಸರಿಯಾಗಿ ಜಿಗಿಯೋಕೆ ಆಗಲ್ಲ. ಇನ್ನೊಂದು ವಿಷಯ ಮೈ ತಿರುಗಿಸೋದು. ಎದೆ ಪೂರ್ತಿ ಬಾಲಿನ ಕಡೆ ಇದ್ದರೆ ಬೆನ್ನ ಹಿಂದೆ ಯಾರು ಓಡಿ ಬರ್ತಿದ್ದಾರೆ ಗೊತ್ತಾಗಲ್ಲ. ಬಾಗಿಲು ಅರ್ಧ ತೆರೆದಂತೆ ಮೈ ಮೈದಾನದ ಕಡೆ ತೆರೆದಿರಲಿ. ಬಾಲೂ ಕಾಣಬೇಕು, ಫಾರ್ ಪೋಸ್ಟಿನ ಹುಡುಗನೂ ಕಾಣಬೇಕು.

ವಿಂಗರ್ ಬಾಲು ತಳ್ಳಿಕೊಂಡು ಬಾಕ್ಸಿನೊಳಗೆ, ಗೋಲ್ ಲೈನಿನ ಹತ್ತಿರಕ್ಕೆ ಬಂದ ಅಂದರೆ ಕಥೆ ಬೇರೆ. ಆಗ ನಿಯರ್ ಪೋಸ್ಟಿಗೆ ನಿಜವಾದ ಅಪಾಯ ಇದೆ. ಅವನ ಜೊತೆಜೊತೆಗೇ ಸಣ್ಣ ಹೆಜ್ಜೆಯಲ್ಲಿ ಸರಿಯುತ್ತಾ ಪೋಸ್ಟಿಗೆ ಕೈಯಳತೆಯಲ್ಲಿ, ಗೆರೆ ಹತ್ತಿರ ಬರಬೇಕು. ನಮ್ಮ ಹುಡುಗ ಈ ಜಾಗವನ್ನು ಚೆನ್ನಾಗಿ ಕಲಿತಿದ್ದ. ಎಲ್ಲಾ ಕ್ರಾಸಿಗೂ ಅದನ್ನೇ ಬಳಸ್ತಿದ್ದ, ಅಷ್ಟೇ.

ಈಗ ಎರಡನೇ ತಪ್ಪು, ಆ ಎರಡು ಉದ್ದ ಹೆಜ್ಜೆ. ವಿಂಗರ್ ಕಾಲು ಬೀಸುವಾಗಲೇ ಇವನು ಹೊರಟಿದ್ದ. ಬಾಲು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗೋ ಮೊದಲೇ. ಹುಡುಗರಿಗೆ ತಡ ಆಗ್ತದೆ ಅನ್ನೋ ಭಯ. ನನ್ನ ಅನುಭವದಲ್ಲಿ ತಡವಾಗಿ ಹೊರಟು ಗೋಲು ಬಿಟ್ಟವರಿಗಿಂತ ಬೇಗ ಹೊರಟು ಬಿಟ್ಟವರೇ ಜಾಸ್ತಿ. ವಿಂಗರ್ ಕಾಲಿಗೆ ಬಾಲು ತಾಗುವ ಕ್ಷಣದಲ್ಲಿ ನಿಮ್ಮ ಎರಡೂ ಪಾದ ನೆಲದ ಮೇಲೆ ಇರಬೇಕು. ಬಾಲು ಮೇಲೇಳುವುದನ್ನು ನೋಡಿ. ಎಷ್ಟು ಎತ್ತರ, ಎಷ್ಟು ಜೋರು, ಒಳಕ್ಕೆ ತಿರುಗ್ತಿದೆಯೋ ಹೊರಕ್ಕೋ ಅಂತ ಹೊಡೆದ ಅರ್ಧ ಸೆಕೆಂಡಿನಲ್ಲಿ ತಿಳಿಯುತ್ತದೆ. ಆಮೇಲೆ ಹೊರಡಿ. ಹೊರಟ ಮೇಲೆ ಮಾತ್ರ ಪೂರ್ತಿ ಜೋರಾಗಿ ಹೋಗಿ.

ಯಾವ ಬಾಲಿಗೆ ಹೋಗಬೇಕು? ಗೋಲಿನ ಮುಂದಿನ ಸಣ್ಣ ಬಾಕ್ಸ್ ಗೋಲ್ ಗೆರೆಯಿಂದ 5.5 ಮೀಟರ್‌ವರೆಗೆ ಇದೆ. ಅದರೊಳಗೆ ಮೆಲ್ಲಗೆ, ಎತ್ತರದಿಂದ ಇಳಿಯೋ ಬಾಲು ಕೀಪರಿನದು. ಪೆನಾಲ್ಟಿ ಸ್ಪಾಟ್ 11 ಮೀಟರ್ ದೂರ, ಅದರಾಚೆ ಬೀಳೋದಕ್ಕೆ ಹೋಗಲೇಬೇಡಿ. ನಡುವಿನ ಜಾಗವೇ ತಲೆನೋವು. ಅಲ್ಲಿ ನಾನು ಬಾಲಿನ ವೇಗ ನೋಡು ಅನ್ನುತ್ತೇನೆ. ಚಪ್ಪಟೆಯಾಗಿ, ಜೋರಾಗಿ ಬಂದರೆ ನಿಂತುಕೋ. ಗಾಳಿಯಲ್ಲಿ ತೇಲಿ ಬಂದರೆ, ದಾರಿ ಖಾಲಿ ಇದ್ದರೆ ಹೋಗು.

ಹೋಗೋದರಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. 1.70 ಮೀಟರ್ ಎತ್ತರದ ಹುಡುಗ ಕೈ ಎತ್ತಿದರೆ 2.20 ಮೀಟರ್‌ವರೆಗೆ ಮುಟ್ಟುತ್ತಾನೆ. ಅರ್ಧ ಮೀಟರ್ ಜಿಗಿದರೆ 2.70. ಅದೇ ಎತ್ತರದ ಸ್ಟ್ರೈಕರ್ ಅಷ್ಟೇ ಜಿಗಿದರೂ ಅವನ ತಲೆ 2.20ಕ್ಕೆ ನಿಲ್ಲುತ್ತದೆ. ಆದರೆ ಬಾಲು ಮುಖದ ಮಟ್ಟಕ್ಕೆ ಇಳಿಯುವವರೆಗೆ ಕಾದರೆ ಆ ಅರ್ಧ ಮೀಟರ್ ಸುಮ್ನೆ ಹೋಗುತ್ತದೆ. ಒಂದೇ ಕಾಲಿಂದ ನೆಗೆದು, ಇನ್ನೊಂದು ಮೊಣಕಾಲು ಮೇಲೆತ್ತಿ, ಕೈ ಚಾಚಿದಾಗ ಸಿಗೋ ಅತಿ ಎತ್ತರದಲ್ಲಿ ಹಿಡಿಯಬೇಕು. ಸುತ್ತ ಜನ ಜಾಸ್ತಿ ಇದ್ದರೆ ಹಿಡಿಯೋ ಆಸೆ ಬಿಟ್ಟು ಎರಡೂ ಮುಷ್ಟಿಯಿಂದ ದೂರಕ್ಕೆ ಗುದ್ದಿ. ಹೊರಡುವಾಗಲೇ “ಕೀಪರ್!” ಅಂತ ಕೂಗಿ. ನಿಲ್ಲುವುದಾದರೆ “ಅವೇ!” ಅನ್ನಿ, ಡಿಫೆಂಡರ್ ಬಾಲು ಹೊರಗೆ ಹಾಕುತ್ತಾನೆ. ಬಾಲು ಹತ್ತಿರ ಬಂದ ಮೇಲೆ ಕೂಗಿದರೆ ಇಬ್ಬರೂ ಡಿಕ್ಕಿ ಹೊಡೆಯೋದು ಗ್ಯಾರಂಟಿ.

ನಿಲ್ಲುವುದು ಅಂದರೆ ಸುಮ್ನೆ ನೋಡ್ತಾ ನಿಲ್ಲುವುದಲ್ಲ. ಬಾಲು ಹೋಗುತ್ತಿರುವ ಕಡೆಗೆ ಗೆರೆ ಮೇಲೆ ಸರಿದು, ಸ್ಟ್ರೈಕರ್ ತಲೆ ಕೊಡುವ ಮೊದಲು ಪಾದ ಊರಿರಬೇಕು. ಹೆಡರ್ ಬೀಳುವಾಗ ಕೀಪರ್ ಇನ್ನೂ ಓಡ್ತಿದ್ದರೆ ಕೈಯಳತೆಯ ಬಾಲೂ ಸಿಗಲ್ಲ.

ಮಾರನೇ ದಿನ ಬೆಳಗ್ಗೆ ಆರಕ್ಕೆ, ಬಿಸಿಲು ಏರುವ ಮುಂಚೆ, ಅವನನ್ನು ಗೋಲಿನಲ್ಲಿ ನಿಲ್ಲಿಸಿದೆ. ಓಡಬಾರದು, ಬಾಯಿ ಮಾತ್ರ. ನಾನು ವಿಂಗಿನಿಂದ ಹೊಡೆಯೋದು, ಬಾಲು ಬಾಕ್ಸಿನ ಅಂಚು ದಾಟುವ ಮೊದಲು ಅವನು “ಹೋಗ್ತೀನಿ” ಇಲ್ಲ “ನಿಲ್ತೀನಿ” ಅನ್ನಬೇಕು. ಮೊದಲ ಹತ್ತರಲ್ಲಿ ಎಂಟಕ್ಕೆ “ಹೋಗ್ತೀನ್ರಿ” ಅಂದ. ಬಾಲು ಬಿದ್ದ ಜಾಗ ತೋರಿಸಿದೆ, ಐದು ಪೆನಾಲ್ಟಿ ಸ್ಪಾಟಿನಾಚೆ. ವಾರದ ಕೊನೆಗೆ ಹತ್ತರಲ್ಲಿ ನಾಲ್ಕಕ್ಕೆ ಇಳಿದ. ಆಮೇಲೆ ಓಡೋಕೆ ಬಿಟ್ಟೆ.

ಮುಂದಿನ ಪಂದ್ಯದಲ್ಲಿ ಅಂಥದ್ದೇ ಕ್ರಾಸ್ ಬಂತು, ಅದೇ ಎಡಗಡೆಯಿಂದ. ಅವನು ಮಧ್ಯದಲ್ಲಿದ್ದ, ಹೊರಡಲಿಲ್ಲ. ಮೂರು ಸಣ್ಣ ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಹೆಡರ್ ನೇರ ಎದೆಗೆ ಬಂತು, ಹಿಡಿದ. ಸೈಡಿನಲ್ಲಿದ್ದ ಅವನ ದೋಸ್ತ ಒಬ್ಬ, “ಯಾಕಲೇ ಹೊರಗ ಬರಲಿಲ್ಲ, ಅಂಜಿದೇನು?” ಅಂತ ಚೀರಿದ. ಕಾರ್ನರ್ ಕಿಕ್ ಒಳಕ್ಕೆ ತಿರುಗಿ ಬಂದು, ಮುಂದೆ ನಾಲ್ಕು ಜನ ನಿಂತಾಗ ಮಾತ್ರ ಅವನು ಇನ್ನೂ ಬೇಗ ಹೊರಡುತ್ತಾನೆ. ಈ ವಾರ ಅದನ್ನೇ ಹಿಡಿದುಕೊಂಡಿದ್ದೇವೆ.