VLOOKUP ಬೇರೆ ಸಾಮಾನಿನ ಬೆಲೆ ಕೊಟ್ಟರೆ ಎಲ್ಲಿ ನೋಡಬೇಕು

ಕಿರಾಣಿ ಅಂಗಡಿಯ ಬಿಲ್ ಶೀಟ್ ಮಾಡುತ್ತಾ ಎಕ್ಸೆಲ್‌ನ VLOOKUP ಫಾರ್ಮುಲಾ ಕಲಿತವನು ನಾನು. ಕೋಡ್ ಹಾಕಿದರೆ ಬೆಲೆ ಬರಬೇಕು, ಅಷ್ಟೇ ಕೆಲಸ. ಬೆಲೆ ಬರುತ್ತಿತ್ತು, ಎರರ್ ಒಂದೂ ಇರಲಿಲ್ಲ. ಆದರೆ ಅಕ್ಕಿಗೆ ಬೆಲ್ಲದ ಬೆಲೆ ಬಿದ್ದಿತ್ತು. ಇದು ಯಾಕೆ ಹೀಗಾಗುತ್ತದೆ ಅಂತ ಒಂದು ಚಿಕ್ಕ ಪಟ್ಟಿ ಇಟ್ಟುಕೊಂಡು ನೋಡೋಣ. A ಕಾಲಂನಲ್ಲಿ ಕೋಡ್, B ಕಾಲಂನಲ್ಲಿ ಬೆಲೆ. ಬೆಲೆಗಳು ಸುಮ್ನೆ ಉದಾಹರಣೆಗೆ.

```
      A     B
2    104    52   ಅಕ್ಕಿ
3    101    45   ಸಕ್ಕರೆ
4    110   160   ತೊಗರಿ ಬೇಳೆ
5    103    20   ಉಪ್ಪು
6    107    48   ರವೆ
7    102    60   ಬೆಲ್ಲ
8    105    95   ಕಡಲೆ ಬೇಳೆ
```

E2 ಸೆಲ್‌ನಲ್ಲಿ 104 ಅಂತ ಬರೆದು ಈ ಫಾರ್ಮುಲಾ ಹಾಕಿ:

```
=VLOOKUP(E2,$A$2:$B$8,2)
```

52 ಬರಬೇಕಿತ್ತು, 60 ಬರುತ್ತದೆ. 104 ಇರುವುದು ಪಟ್ಟಿಯ ಮೊದಲ ಸಾಲಿನಲ್ಲೇ, ಆದರೂ ಅದು ಎಕ್ಸೆಲ್ ಕಣ್ಣಿಗೆ ಬಿದ್ದಿಲ್ಲ.

ಕಾರಣ ಫಾರ್ಮುಲಾದ ನಾಲ್ಕನೇ ಜಾಗ. ಅಲ್ಲಿ ಏನೂ ಬರೆಯದಿದ್ದರೆ ಎಕ್ಸೆಲ್ ಅದನ್ನು TRUE ಅಂತ ತಿಳಿಯುತ್ತದೆ. TRUE ಅಂದರೆ "ಸರಿಯಾಗಿ ಇದೇ ಬೇಕು ಅಂತಿಲ್ಲ, ಇದಕ್ಕಿಂತ ಚಿಕ್ಕವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸಿಕ್ಕರೂ ಸಾಕು" ಅಂತ. ಹೀಗೆ ಹುಡುಕುವಾಗ ಎಕ್ಸೆಲ್ ಮೇಲಿಂದ ಒಂದೊಂದೇ ಸಾಲು ನೋಡುವುದಿಲ್ಲ. ಪಟ್ಟಿ ಏರಿಕೆ ಕ್ರಮದಲ್ಲಿದೆ ಅಂತ ನಂಬಿಕೊಂಡು ನೇರವಾಗಿ ಮಧ್ಯಕ್ಕೆ ಹೋಗುತ್ತದೆ. ನಿಘಂಟಿನಲ್ಲಿ ಪದ ಹುಡುಕಲು ನಾವು ಮಧ್ಯದ ಪುಟ ತೆಗೆದು ಹಿಂದೆ ಹೋಗಬೇಕಾ ಮುಂದೆ ಹೋಗಬೇಕಾ ಅಂತ ನೋಡುತ್ತೇವಲ್ವಾ, ಹಾಗೆ.

ನಮ್ಮ ಪಟ್ಟಿಯ ಮಧ್ಯ A5, ಅಲ್ಲಿ 103 ಇದೆ. 104 ಅದಕ್ಕಿಂತ ದೊಡ್ಡದು, ಹಾಗಾಗಿ ಕೆಳಗಿನ ಅರ್ಧದಲ್ಲೇ ಇರಬೇಕು ಅಂತ ಎಕ್ಸೆಲ್ ಮೇಲಿನ ಅರ್ಧವನ್ನು ಪೂರ್ತಿ ಕೈಬಿಡುತ್ತದೆ. ಅಕ್ಕಿ ತಪ್ಪಿಹೋದದ್ದು ಇಲ್ಲೇ. ಉಳಿದ ಮೂರು ಸಾಲಿನ ಮಧ್ಯ A7, ಅಲ್ಲಿ 102. ಇನ್ನೂ ಕೆಳಗೆ ಹೋದರೆ A8ರಲ್ಲಿ 105, ಅದು ಜಾಸ್ತಿಯಾಯಿತು. ಹಾಗಾಗಿ ಒಂದು ಸಾಲು ಮೇಲಿನ 102ಕ್ಕೇ ನಿಂತು ಬೆಲ್ಲದ 60 ಕೊಡುತ್ತದೆ.

ಇದೇ ಶೀಟ್‌ನಲ್ಲಿ 101 ಹಾಕಿ ನೋಡಿ, ಸರಿಯಾಗಿ 45 ಬರುತ್ತದೆ. 105ಕ್ಕೂ ಸರಿಯಾದ ಬೆಲೆಯೇ. ಕೆಲವು ಕೋಡ್ ಹುಡುಕುವ ದಾರಿಯಲ್ಲೇ ಸಿಕ್ಕಿಬಿಡುತ್ತವೆ. ಒಂದೆರಡು ಸಾಲು ಪರೀಕ್ಷೆ ಮಾಡಿ ಫಾರ್ಮುಲಾ ಸರಿಯಿದೆ ಅಂದುಕೊಳ್ಳುವುದು ಇದರಿಂದಲೇ.

ಪಟ್ಟಿಯನ್ನು ಸಾರ್ಟ್ ಮಾಡಿಬಿಟ್ಟರೆ ಆಯಿತಲ್ಲ ಅನ್ನಿಸಬಹುದು. ಅರ್ಧ ಮಾತ್ರ ಸರಿಹೋಗುತ್ತದೆ. ಸಾರ್ಟ್ ಆದ ಪಟ್ಟಿಯಲ್ಲಿ 106 ಹುಡುಕಿ. ಅಂಥ ಕೋಡೇ ಇಲ್ಲ, ಆದರೂ 105ರ ಬೆಲೆ 95 ಬರುತ್ತದೆ. ಕೋಡ್ ತಪ್ಪಾಗಿ ಟೈಪ್ ಮಾಡಿದ್ದು ಗೊತ್ತೇ ಆಗುವುದಿಲ್ಲ. ಕೋಡ್, ಹೆಸರು, ರಿಜಿಸ್ಟರ್ ನಂಬರ್ ಇಂಥವಕ್ಕೆ ನಾಲ್ಕನೇ ಜಾಗದಲ್ಲಿ FALSE ಬರೆಯಲೇಬೇಕು:

```
=VLOOKUP(E2,$A$2:$B$8,2,FALSE)
```

ಈಗ ಪಟ್ಟಿ ಯಾವ ಕ್ರಮದಲ್ಲಿದ್ದರೂ ಪರವಾಗಿಲ್ಲ. ಇಲ್ಲದ ಕೋಡ್‌ಗೆ #N/A ಬರುತ್ತದೆ.

FALSE ಹಾಕಿದ ಮೇಲೆ, ಕಣ್ಣಿಗೆ ಕಾಣುತ್ತಿರುವ ಕೋಡ್‌ಗೂ #N/A ಬಂದರೆ ಅದನ್ನು ತೆಗೆದು TRUEಗೆ ವಾಪಸ್ ಹೋಗಬೇಡಿ. ಬಹಳ ಸಲ ಒಂದು ಕಡೆ 104 ಸಂಖ್ಯೆಯಾಗಿ, ಇನ್ನೊಂದು ಕಡೆ ಪಠ್ಯವಾಗಿ ಕೂತಿರುತ್ತದೆ. ಪಠ್ಯವಾದ ಸಂಖ್ಯೆ ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ, ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನವೂ ಕಾಣಬಹುದು. ಸರಿಮಾಡಬೇಕಾದದ್ದು ಅದನ್ನು.

ಹಳೆಯ ಶೀಟ್ ಕೈಗೆ ಬಂದರೆ, ತಪ್ಪು ಎಲ್ಲಿದೆ ಅಂತ ಹಿಡಿಯಲು ಪಕ್ಕದ ಕಾಲಂನಲ್ಲಿ ನಾನು ಇದನ್ನು ಹಾಕುತ್ತೇನೆ:

```
=VLOOKUP(E2,$A$2:$B$8,1)=E2
```

ಇಲ್ಲಿ ಬೆಲೆಯ ಬದಲು ಮೊದಲ ಕಾಲಂನ ಕೋಡನ್ನೇ ಕೇಳುತ್ತಿದ್ದೇವೆ. 104ಕ್ಕೆ ಎಕ್ಸೆಲ್ 102 ತಂದುಕೊಡುತ್ತದೆ, ಎರಡೂ ಒಂದೇ ಅಲ್ಲ, ಹಾಗಾಗಿ FALSE. ಎಳೆದು ಕೆಳಗಿನವರೆಗೆ ತುಂಬಿಸಿದರೆ ಯಾವ ಯಾವ ಸಾಲಿಗೆ ಬೇರೆ ಸಾಮಾನಿನ ಬೆಲೆ ಬಂದಿದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ.

ಹಾಗಂತ TRUE ಬೇಡವೇ ಬೇಡ ಅಂತಲ್ಲ. ಶೇಕಡಾ ಅಂಕ ನೋಡಿ ದರ್ಜೆ ಕೊಡುವಾಗ ಅದೇ ಬೇಕು. 0 ಫೇಲ್, 35 ಪಾಸ್, 50 ಸೆಕೆಂಡ್ ಕ್ಲಾಸ್, 60 ಫಸ್ಟ್ ಕ್ಲಾಸ್, 85 ಡಿಸ್ಟಿಂಕ್ಷನ್ ಅಂತ ಏರಿಕೆಯಲ್ಲಿ ಬರೆದರೆ, 59ಕ್ಕೆ ಸೆಕೆಂಡ್ ಕ್ಲಾಸ್ ಸಿಗುತ್ತದೆ. ಆದರೆ ನಾವು ಹೇಳುವ ರೂಢಿಯಂತೆ ಡಿಸ್ಟಿಂಕ್ಷನ್ ಮೇಲಿಟ್ಟು 85, 60, 50, 35, 0 ಅಂತ ಬರೆದರೆ, ಮಧ್ಯದ 50ಕ್ಕಿಂತ 59 ದೊಡ್ಡದು ಅಂತ ಎಕ್ಸೆಲ್ ಕೆಳಕ್ಕೆ ಇಳಿಯುತ್ತದೆ. 35 ದಾಟಿ 0ಗೆ ಹೋಗಿ ನಿಲ್ಲುತ್ತದೆ. 59 ತೆಗೆದ ಹುಡುಗಿಯ ಮುಂದೆ ಫೇಲ್ ಅಂತ ಬೀಳುತ್ತದೆ.