ಕಡ್ಡಾಯ ಮಾಂಸಾಹಾರಿ: ಬೆಕ್ಕಿನ ಮೈಯೊಳಗಿನ ಸೋರಿಕೆ

ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಬೆಕ್ಕಿನ ಜಾತಿಯವು ಆಗಾಗ ಹುಲ್ಲು ಅಗಿಯುತ್ತವೆ. ಆದರೆ ಹುಲ್ಲು ತಿಂದು ಬದುಕಲಾರವು. ‘ಕಡ್ಡಾಯ ಮಾಂಸಾಹಾರಿ’ ಅನ್ನುವ ಪದ ಹೇಳುವುದು ಇದನ್ನೇ. ಇದು ಬಾಯಿರುಚಿಯ ಮಾತಲ್ಲ. ಕೆಲವು ಪೋಷಕಾಂಶಗಳನ್ನು ಬೆಕ್ಕಿನ ಮೈ ತಾನೇ ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಮತ್ತು ಅವು ಪ್ರಕೃತಿಯಲ್ಲಿ ಸಿಗುವುದು ಇನ್ನೊಂದು ಪ್ರಾಣಿಯ ಮೈಯಲ್ಲಿ. ಪ್ರಾಣಿಶಾಸ್ತ್ರದ ಪ್ರಕಾರ ನಾಯಿಯೂ ಮಾಂಸಾಹಾರಿ ಗಣಕ್ಕೇ ಸೇರಿದ್ದು. ಬಿದಿರು ಮೇಯುವ ಪಾಂಡಾ ಕೂಡ! ಹಾಗಾಗಿ ‘ಕಡ್ಡಾಯ’ ಅನ್ನುವ ಮಾತಿಗೇ ಇಲ್ಲಿ ತೂಕ ಜಾಸ್ತಿ.

ಆ ಪೋಷಕಾಂಶಗಳಲ್ಲಿ ಒಂದು ಟಾರಿನ್. 1827ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಹೆಸರೂ ಲ್ಯಾಟಿನ್‌ನಲ್ಲಿ ಹೋರಿಗಿರುವ ‘ಟಾರಸ್’ ಪದದಿಂದಲೇ ಬಂತು. ಇದನ್ನು ಅಮೈನೊ ಆಮ್ಲ ಅಂತ ಕರೆದರೂ ಉಳಿದವುಗಳಂತೆ ಇದು ಪ್ರೋಟೀನ್ ಸರಪಳಿಯಲ್ಲಿ ಕೂರುವುದಿಲ್ಲ. ಹೃದಯ, ಸ್ನಾಯು, ಕಣ್ಣಿನ ರೆಟಿನಾಗಳಲ್ಲಿ ಬಿಡಿಯಾಗಿಯೇ ಇರುತ್ತದೆ. ಸಸ್ಯಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ನಾಯಿಯ ಮೈ ಸಾಮಾನ್ಯವಾಗಿ ಗಂಧಕವಿರುವ ಬೇರೆ ಅಮೈನೊ ಆಮ್ಲಗಳಿಂದ ಟಾರಿನ್ ಮಾಡಿಕೊಳ್ಳುತ್ತದೆ. ಬೆಕ್ಕಿನಲ್ಲೂ ಅದಕ್ಕೆ ಬೇಕಾದ ಕಿಣ್ವಗಳಿವೆ, ಆದರೆ ಅವುಗಳ ಕೆಲಸ ತೀರಾ ನಿಧಾನ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಇದರ ಜೊತೆಗೆ ಒಂದು ಸೋರಿಕೆಯೂ ಇದೆ. ಕೊಬ್ಬು ಅರಗಿಸಲು ಲಿವರ್ ಪಿತ್ತಾಮ್ಲವನ್ನು ಕರುಳಿಗೆ ಬಿಡುವ ಮುಂಚೆ ಅದಕ್ಕೆ ಒಂದು ಅಮೈನೊ ಆಮ್ಲವನ್ನು ಜೋಡಿಸಬೇಕು. ಮನುಷ್ಯರ ಲಿವರ್ ಗ್ಲೈಸಿನ್ ಆದರೂ ಸರಿ, ಟಾರಿನ್ ಆದರೂ ಸರಿ ಅನ್ನುತ್ತದೆ. ಬೆಕ್ಕಿನ ಲಿವರ್‌ಗೆ ಟಾರಿನ್ನೇ ಆಗಬೇಕು. ಕರುಳಿಗೆ ಹೋದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ, ಆದರೂ ಒಂದಿಷ್ಟನ್ನು ಬ್ಯಾಕ್ಟೀರಿಯಾ ಒಡೆದುಹಾಕುತ್ತವೆ, ಒಂದಿಷ್ಟು ಮಲದಲ್ಲಿ ಹೋಗುತ್ತದೆ. ತಯಾರಿಕೆ ಕಮ್ಮಿ, ಸೋರಿಕೆ ದಿನಾ. ತೊಟ್ಟಿ ಬತ್ತದಿರಬೇಕಾದರೆ ಊಟದಿಂದಲೇ ತುಂಬುತ್ತಿರಬೇಕು, ಅಲ್ವಾ?

ಬತ್ತಿದರೆ ಏನಾಗುತ್ತದೆ ಅನ್ನುವುದು ಮೊದಲು ಕಂಡದ್ದು ಕಣ್ಣಿನಲ್ಲಿ. ಹಾಲಿನ ಪ್ರೋಟೀನಾದ ಕೇಸಿನ್ ಮೇಲೆಯೇ ಸಾಕಿದ ಬೆಕ್ಕುಗಳ ರೆಟಿನಾ ಕ್ಷೀಣಿಸುತ್ತಿತ್ತು. ಅದಕ್ಕೆ ಟಾರಿನ್ ಕೊರತೆ ಕಾರಣ ಅನ್ನುವ ವರದಿ 1975ರಲ್ಲಿ ಬಂತು. ಪ್ರೋಟೀನ್‌ಗೆ ಬರವಿರಲಿಲ್ಲ, ಆದರೂ ಕಣ್ಣು ಹೋಯಿತು.

ಆಮೇಲೆ ಹೃದಯದ ಸರದಿ. ಬೆಕ್ಕುಗಳ ಹೃದಯ ಹಿಗ್ಗಿ, ಗೋಡೆ ತೆಳುವಾಗಿ, ರಕ್ತ ತಳ್ಳಲಾರದೆ ಸೋಲುವ ಕಾಯಿಲೆ ಆಗ ಮಾಮೂಲಾಗಿತ್ತು. ಸಾವಿರಾರು ಬೆಕ್ಕುಗಳು ಸಾಯುತ್ತಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಪಾಲ್ ಪಯಾನ್ ಮತ್ತು ಸಂಗಡಿಗರು ಇಂಥ 21 ಬೆಕ್ಕುಗಳ ರಕ್ತ ಪರೀಕ್ಷಿಸಿದರೆ ಟಾರಿನ್ ಕಮ್ಮಿ. ಬಾಯಿಂದ ಟಾರಿನ್ ಕೊಟ್ಟಾಗ ಹೃದಯದ ಬಡಿತದ ಬಲ ಸರಿಹೋಯಿತು. 1987ರಲ್ಲಿ ಇದು ಪ್ರಕಟವಾಯಿತು. ನನ್ನನ್ನು ಬೆರಗುಗೊಳಿಸುವ ಸಂಗತಿ ಬೇರೆ: ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಬೆಕ್ಕಿಗೆಂದೇ ತಯಾರಾದ ಆಹಾರ! ಸಂಸ್ಕರಣೆಯಾದ ಆಹಾರ, ಅದರಲ್ಲೂ ಡಬ್ಬಿಯದು, ತಿಂದಾಗ ಕರುಳಿನ ಬ್ಯಾಕ್ಟೀರಿಯಾ ಟಾರಿನ್ ಹಾಳುಮಾಡುವುದು ಹೆಚ್ಚುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಅದಕ್ಕೇ ಅಮೆರಿಕದ ಮಾನದಂಡದಲ್ಲಿ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ಒಣ ಆಹಾರಕ್ಕೆ ಕನಿಷ್ಠ 0.1%, ಡಬ್ಬಿಯದಕ್ಕೆ 0.2% ಟಾರಿನ್ ಇರಬೇಕು.

ಪ್ರೋಟೀನ್ ವಿಷಯವೂ ಹೀಗೇ. ನಮ್ಮ ಮೈ ಪ್ರೋಟೀನ್ ಕಮ್ಮಿ ಸಿಕ್ಕಾಗ ಅದನ್ನು ಒಡೆಯುವ ಕಿಣ್ವಗಳ ವೇಗ ತಗ್ಗಿಸುತ್ತದೆ. ಬೆಕ್ಕಿನ ಲಿವರ್‌ಗೆ ಅಷ್ಟು ತಗ್ಗಿಸಲು ಬರುವುದಿಲ್ಲ. ಊಟದಲ್ಲಿ ಸಾಕಷ್ಟು ಸಿಗದಿದ್ದರೆ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಹಾಗಾಗಿ ಅದೇ ಮಾನದಂಡ ಬೆಳೆದ ನಾಯಿಗೆ 18% ಪ್ರೋಟೀನ್ ಸಾಕು ಅಂದರೆ, ಬೆಕ್ಕಿಗೆ 26% ಕೇಳುತ್ತದೆ. ನಾಯಿಯ ಆಹಾರವನ್ನೇ ಬೆಕ್ಕಿಗೂ ಹಾಕುವುದು ಸರಿಯಲ್ಲ ಅನ್ನಲು ಟಾರಿನ್ ಜೊತೆಗೆ ಇದೂ ಕಾರಣ. ಒಂದು ದಿನ ಕದ್ದು ತಿಂದರೆ ಏನೂ ಆಗುವುದಿಲ್ಲ, ಬಿಡಿ.

ಕಷ್ಟವೇನೆಂದರೆ ಟಾರಿನ್ ಕೊರತೆ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಬೆಕ್ಕು ಸುಮ್ನೆ ಮಂಕಾಗಿರುತ್ತದೆ, ಊಟ ಬಿಡುತ್ತದೆ. ಬಾಯಿ ತೆರೆದು ಏದುಸಿರು ಬಿಡುವ ಹೊತ್ತಿಗೆ ಹೃದಯ ಆಗಲೇ ಸೋತಿರಬಹುದು. ರಕ್ತದ ಟಾರಿನ್ ಪರೀಕ್ಷೆ ಮತ್ತು ಹೃದಯದ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ. ಹಾಗಂತ ಏದುಸಿರು ಕಂಡ ಕೂಡಲೇ ಟಾರಿನ್ ಮಾತ್ರೆ ಹುಡುಕಬೇಡಿ. ಇವತ್ತು ಬೆಕ್ಕುಗಳಲ್ಲಿ ಜಾಸ್ತಿ ಕಾಣುವುದು ಹೃದಯದ ಗೋಡೆ ದಪ್ಪವಾಗುವ ಕಾಯಿಲೆ, ಅದಕ್ಕೂ ಟಾರಿನ್‌ಗೂ ಸಂಬಂಧವಿಲ್ಲ.

ಕೃತಕವಾಗಿ ತಯಾರಿಸಿದ ಟಾರಿನ್ ಆದರೂ ಬೆಕ್ಕಿನ ಮೈಗೆ ಒಂದೇ. ಮಾರಾಟದ ಆಹಾರಕ್ಕೆ ಸೇರಿಸುವುದು ಅದನ್ನೇ. ಮನೆಯಲ್ಲೇ ಮಾಂಸ ಬೇಯಿಸಿ ಹಾಕುವವರು ಮಾತ್ರ ಪಾತ್ರೆಯೊಳಗೆ ಒಮ್ಮೆ ನೋಡಬೇಕು. ಟಾರಿನ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಬೆಂದ ತುಂಡುಗಳನ್ನು ಬೆಕ್ಕಿಗೆ ಹಾಕಿ ನೀರನ್ನು ಸಿಂಕಿಗೆ ಬಸಿದರೆ, ಅದರ ಜೊತೆಗೆ ಒಳ್ಳೆಯ ಪಾಲು ಟಾರಿನ್ ಕೂಡ ಹೋಯಿತು.