ಖಾಲಿಯಲ್ಲದ ಸೆಲ್: ಎಕ್ಸೆಲ್ ಹೊಸ ಸಾಲು ಸೇರಿಸಲು ಬಿಡದಿದ್ದಾಗ

ಮಲ್ಪೆಯಲ್ಲಿ ನಮ್ಮ ಪಕ್ಕದ ಮನೆಯವರು ಒಂದು ಬೋಟಿನ ಲೆಕ್ಕ ಬರೆಯುತ್ತಾರೆ. ಎಕ್ಸೆಲ್‌ನಲ್ಲಿ ಐದು ಕಾಲಂ: ತಾರೀಕು, ಮೀನು, ಕಿಲೋ, ರೇಟು, ಮೊತ್ತ. ಮೊನ್ನೆ ಅವರಿಗೆ ಬರೆಯದೇ ಉಳಿದಿದ್ದ ಒಂದು ಬಂಗುಡೆ ಚೀಟಿ ಸಿಕ್ಕಿತು. ಅದರ ತಾರೀಕಿನ ಜಾಗದಲ್ಲೇ ಸೇರಿಸೋಣ ಎಂದು 212ನೇ ಸಾಲಿನಲ್ಲಿ Insert ಕೊಟ್ಟರು. ಎಕ್ಸೆಲ್ ಒಪ್ಪಲಿಲ್ಲ. ಹೊಸ ಸಾಲು ಬಂದರೆ ಖಾಲಿಯಲ್ಲದ ಸೆಲ್‌ಗಳು ಹಾಳೆಯ ಅಂಚು ದಾಟಿ ಹೊರಗೆ ಬೀಳುತ್ತವೆ ಎಂಬ ಅರ್ಥದ ಸಂದೇಶ ಬಂತು.

"ಲೆಕ್ಕ 414ನೇ ಸಾಲಿಗೇ ಮುಗಿದಿದೆ. ಅದರ ಕೆಳಗೆ ಎಂತ ಇಲ್ಲ ಮಾರಾಯ್ರೆ, ಇಡೀ ಖಾಲಿ ಉಂಟು!" ಎಂದರು ಅವರು.

ಇಲ್ಲಿ ಎರಡು ಮಾತು ಬಿಡಿಸಿಕೊಳ್ಳಬೇಕು. ಅಂಚು ಎಂದರೆ ಯಾವುದು, ಖಾಲಿಯಲ್ಲದ್ದು ಎಂದರೆ ಏನು.

ಎಕ್ಸೆಲ್ ಹಾಳೆ ಬೆಳೆಯುವುದಿಲ್ಲ. ಅದರಲ್ಲಿ ಯಾವಾಗಲೂ 10,48,576 ಸಾಲು, 16,384 ಕಾಲಂ. ಕೊನೆಯ ಕಾಲಂನ ಹೆಸರು XFD. ಹಳೆಯ .xls ಫೈಲಾದರೆ 65,536 ಸಾಲು, 256 ಕಾಲಂ ಅಷ್ಟೇ. ನಾವು ನಡುವೆ ಒಂದು ಸಾಲು ಸೇರಿಸಿದಾಗ ಹಾಳೆ ಉದ್ದವಾಗುವುದಿಲ್ಲ. ಕೆಳಗಿನ ಸಾಲುಗಳೆಲ್ಲ ಒಂದೊಂದು ಹೆಜ್ಜೆ ಸರಿಯುತ್ತವೆ, ಕಟ್ಟಕಡೆಯ ಸಾಲು ಇಲ್ಲವಾಗುತ್ತದೆ. ಊಟದ ಪಂಕ್ತಿಯನ್ನು ನೆನೆಯಿರಿ. ಗೋಡೆಯಿಂದ ಗೋಡೆಗೆ ಒಂದು ಸಾಲು. ನಡುವೆ ಇನ್ನೊಬ್ಬರು ಕೂರಬೇಕಾದರೆ ಉಳಿದವರು ಸರಿಯಬೇಕು. ಗೋಡೆಯ ಪಕ್ಕ ಜಾಗ ಇದ್ದರೆ ಸರಿ. ಅಲ್ಲೊಂದು ಎಲೆ ಹಾಕಿದ್ದರೆ, ಏನೂ ಬಡಿಸದಿದ್ದರೂ ಅದು ಯಾರದೋ ಜಾಗ ಅಲ್ವಾ?

ಆ ಬಡಿಸದ ಎಲೆಯೇ ಇಲ್ಲಿಯ ಖಾಲಿಯಲ್ಲದ ಸೆಲ್. ಅವರ ಮೊತ್ತದ ಕಾಲಂನಲ್ಲಿ ಈ ಸೂತ್ರವಿತ್ತು:

```
=IF(C2="","",C2*D2)
```

ಕಿಲೋ ಬರೆಯದಿದ್ದರೆ ಏನೂ ತೋರಿಸಬೇಡ, ಬರೆದರೆ ಗುಣಿಸು ಎಂದು ಇದರ ಅರ್ಥ. ಸೂತ್ರ ಚೆನ್ನಾಗಿದೆ. ಆದರೆ ಮತ್ತೆ ಮತ್ತೆ ಎಳೆಯುವುದು ಬೇಡ ಎಂದು ಅವರು E2ರಿಂದ Ctrl+Shift+↓ ಒತ್ತಿ, Ctrl+D ಕೊಟ್ಟು ಹಾಳೆಯ ತಳದವರೆಗೂ ತುಂಬಿಸಿದ್ದರು. 414ರ ಕೆಳಗೆ ಕಣ್ಣಿಗೆ ಏನೂ ಕಾಣದು. ಸೂತ್ರ ಮಾತ್ರ ಹತ್ತು ಲಕ್ಷಕ್ಕೂ ಜಾಸ್ತಿ ಸೆಲ್‌ಗಳಲ್ಲಿ ಕೂತಿತ್ತು. ಎಕ್ಸೆಲ್ ನೋಡುವುದು ಸೆಲ್ ಒಳಗೆ ಏನಿದೆ ಎಂಬುದನ್ನು, ಹೊರಗೆ ಏನು ಕಾಣುತ್ತದೆ ಎಂಬುದನ್ನಲ್ಲ. ಸುಮ್ನೆ ಒತ್ತಿಹೋದ ಒಂದು ಸ್ಪೇಸ್ ಕೊನೆಯ ಸಾಲಿನಲ್ಲಿದ್ದರೂ ಇದೇ ಕಥೆ.

ಪತ್ತೆ ಮಾಡುವುದು ಸುಲಭ. Ctrl+End ಒತ್ತಿ. ಎಕ್ಸೆಲ್ ತಾನು ಬಳಕೆಯಲ್ಲಿದೆ ಎಂದುಕೊಂಡಿರುವ ಕೊನೆಯ ಜಾಗಕ್ಕೆ ಹೋಗುತ್ತದೆ. ಲೆಕ್ಕ ಸರಿಯಿದ್ದರೆ E414 ಬರಬೇಕಿತ್ತು. ಅವರಿಗೆ E1048576 ಬಂತು. ಆ ಸೆಲ್‌ನಲ್ಲಿ ನಿಂತು ಮೇಲಿನ ಸೂತ್ರದ ಪಟ್ಟಿ ನೋಡಿದರೆ ಸೂತ್ರ ಕಾಣಿಸಿತು.

ಅಳಿಸುವ ಮೊದಲು ಫೈಲಿನ ಒಂದು ಪ್ರತಿ ತೆಗೆದಿಡಿ. ಫಿಲ್ಟರ್ ಹಾಕಿದ್ದರೆ ತೆಗೆಯಿರಿ. ಆಮೇಲೆ A1048576ಕ್ಕೆ ಹೋಗಿ Ctrl+↑ ಒತ್ತಿ. ಕೊನೆಯ ತಾರೀಕು ಎಲ್ಲಿದೆ ಎಂದು ಗೊತ್ತಾಗುತ್ತದೆ. B, C, D ಕಾಲಂಗಳಲ್ಲೂ ಹಾಗೇ ನೋಡಿ. ಕೆಳಗೆಲ್ಲೋ ದೂರದಲ್ಲಿ ಯಾರಾದರೂ ಬೇಕಾದ ಟಿಪ್ಪಣಿ ಬರೆದಿಟ್ಟಿರಬಹುದು. ನಾಲ್ಕರಲ್ಲೂ 414 ಬಂದ ಮೇಲೆ, ಎಡ ಮೇಲ್ಮೂಲೆಯ ಹೆಸರಿನ ಚೌಕದಲ್ಲಿ ಹೀಗೆ ಬರೆದು Enter ಒತ್ತಿದೆವು:

```
415:1048576
```

ಕೆಳಗಿನ ಸಾಲುಗಳೆಲ್ಲ ಆಯ್ಕೆಯಾದವು. ಆಮೇಲೆ Ctrl ಜೊತೆ ಮೈನಸ್. ಇಲ್ಲಿ Delete ಕೀ ಬದಲು ಸಾಲನ್ನೇ ಅಳಿಸುವುದು ಒಳ್ಳೆಯದು. Delete ಕೀ ಒಳಗಿನ ಸೂತ್ರವನ್ನು ತೆಗೆಯುತ್ತದೆ, ಆದರೆ ಗೆರೆ, ಬಣ್ಣ ಹಾಗೇ ಉಳಿಯುತ್ತವೆ. ಸೇವ್ ಮಾಡಿ ಮತ್ತೆ Ctrl+End ಒತ್ತಿದಾಗ E414 ಬಂತು.

ಸಂದೇಶ ಹೇಳಿತೆಂದು ಕೊನೆಯ ಒಂದೇ ಸಾಲನ್ನು ಅಳಿಸುವವರಿದ್ದಾರೆ. ಆಗ ಒಂದು ಸಾಲು ಸೇರಿಸಲು ಆಗುತ್ತದೆ. ಆದರೆ ಅದನ್ನು ಸೇರಿಸಿದ ಕೂಡಲೇ ಮೇಲಿನ ಸೂತ್ರ ಸರಿದು ಮತ್ತೆ ತಳ ಮುಟ್ಟುತ್ತದೆ. ಎರಡನೇ ಚೀಟಿಗೆ ಅದೇ ತಡೆ.

ಕಾಲಂ ಸೇರಿಸುವಾಗ ಇದೇ ಸಂದೇಶ ಬಂದರೆ ತೊಂದರೆ ಬಲಗಡೆ ಇರುತ್ತದೆ. ಲೆಕ್ಕದ ಬಲಕ್ಕೆ ಉಳಿದ ಕಾಲಂಗಳನ್ನು XFDವರೆಗೆ ಆಯ್ದು, ಒಮ್ಮೆ ಪರೀಕ್ಷಿಸಿ, ಅಳಿಸಬೇಕು.

ಪಕ್ಕದ ಮನೆಯವರು ಈಗ A1ರಿಂದ E414ರವರೆಗೆ ಆಯ್ದು Ctrl+T ಕೊಟ್ಟು ಟೇಬಲ್ ಮಾಡಿಕೊಂಡಿದ್ದಾರೆ. ಕೊನೆಯಲ್ಲಿ ಹೊಸ ತಾರೀಕು ಬರೆದರೆ ಆ ಸಾಲಿಗೆ ಮಾತ್ರ ಸೂತ್ರ ತಾನೇ ಇಳಿಯುತ್ತದೆ. ಬಂಗುಡೆ ಚೀಟಿ 212ನೇ ಸಾಲಿನಲ್ಲಿ ಕೂತಿದೆ.